ಅಂಗಡಿ ಬಾಡಿಗೆ ಅಗ್ರಿಮೆಂಟ್: ಲಾಕ್-ಇನ್, ನೋಟಿಸ್, ಬಾಡಿಗೆ ಏರಿಕೆ – ಸಹಿ ಹಾಕುವ ಮೊದಲು ಈ ಮೂರು ಸಾಲು ಓದಿ

ಹೆಜಮಾಡಿ: ನಮ್ಮ ಕಡೆ ಅಂಗಡಿ ಬಾಡಿಗೆಗೆ ಹಿಡಿಯುವಾಗ ಎರಡೇ ಮಾತು ನಡೆಯುವುದು. ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು. ಅದು ಕುದುರಿದರೆ ಬಾಂಡ್ ಪೇಪರ್ ಬರುತ್ತದೆ, ತೋರಿಸಿದಲ್ಲಿ ಸಹಿ ಹಾಕುತ್ತೇವೆ, ಮರುದಿನ ಶಟರ್ ಎತ್ತುತ್ತೇವೆ. ಒಳಗೆ ಎಂತ ಬರೆದಿದೆ ಅಂತ ಓದುವುದು ಜಗಳ ಆದ ಮೇಲೆ.

ನನ್ನ ಸೋದರಮಾವನಿಗೆ ಆದದ್ದೂ ಅದೇ. ಹೈವೇ ಪಕ್ಕದಲ್ಲಿ ಅವರ ಮೊಬೈಲ್ ರಿಪೇರಿ ಅಂಗಡಿ ಇತ್ತು. 2023ರ ಜೂನ್ 1ಕ್ಕೆ ಶುರು ಮಾಡಿದರು. ಬಾಡಿಗೆ ತಿಂಗಳಿಗೆ 10,000, ಅಡ್ವಾನ್ಸ್ 1 ಲಕ್ಷ. ಒಂದು ವರ್ಷ ಹೇಗೋ ನಡೆಯಿತು, ಆಮೇಲೆ ವ್ಯಾಪಾರ ಬಿತ್ತು. 2024ರ ಜುಲೈ ಕೊನೆಗೆ ಅಂಗಡಿ ಬಿಡುತ್ತೇನೆ ಅಂತ ಹೇಳಲು ಹೋದಾಗ ಕಟ್ಟಡದ ಧನಿಗಳು ಅಗ್ರಿಮೆಂಟ್ ತೆಗೆದು ತೋರಿಸಿದರು. "ಅಡ್ವಾನ್ಸ್ ವಾಪಸ್ ಸಿಗುವುದಿಲ್ಲ. ಅದು ಸಾಲದೆ ನೀವೇ ಇನ್ನೂ 10,000 ಕೊಡಬೇಕು" ಅಂದರು.

ಮಾವ ಮನೆಗೆ ಬಂದು ಕಾಗದ ನನ್ನ ಕೈಗೆ ಕೊಟ್ಟರು. "ಇದನ್ನು ಮೊದಲು ಓದಿದ್ದೀರಾ ಮಾವ?" ಅಂತ ಕೇಳಿದೆ. "ಓದುವುದೆಂತ ಮಾರಾಯ, ಎಲ್ಲರೂ ಹಾಕುವ ಕಾಗದ ಅಲ್ವಾ ಅದು" ಅಂದರು.

ಆ ಕಾಗದದಲ್ಲಿ ಮೂರು ಸಾಲುಗಳಿದ್ದವು. ಅವಧಿ 36 ತಿಂಗಳು, ಅದರಲ್ಲಿ ಮೊದಲ 24 ತಿಂಗಳು ಲಾಕ್-ಇನ್. ಲಾಕ್-ಇನ್ ಮುಗಿದ ಮೇಲೆ ಬಿಡಬೇಕಾದರೆ 3 ತಿಂಗಳ ನೋಟಿಸ್. ಪ್ರತಿ ವರ್ಷ ಬಾಡಿಗೆ ಶೇ. 10 ಏರಿಕೆ. ಬೇರೆ ಬೇರೆ ಓದಿದರೆ ಮೂರೂ ಸಣ್ಣ ವಿಷಯ ಅನಿಸುತ್ತದೆ. ಆದರೆ ಅಂಗಡಿ ಬಿಡುವಾಗ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದು ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಒಂದೊಂದಾಗಿ ನೋಡೋಣ.

ಲಾಕ್-ಇನ್ ಅಂದರೆ ಎಂತ?

ಲಾಕ್-ಇನ್ ಅಂದರೆ "ಇಷ್ಟು ತಿಂಗಳು ಅರ್ಧದಲ್ಲಿ ಬಿಟ್ಟು ಹೋಗುವ ಹಾಗಿಲ್ಲ" ಅನ್ನುವ ಮಾತು. ಅಗ್ರಿಮೆಂಟಿನ ಒಟ್ಟು ಅವಧಿ ಬೇರೆ, ಲಾಕ್-ಇನ್ ಬೇರೆ. ಮಾವನ ಕಾಗದದಲ್ಲಿ ಅವಧಿ 3 ವರ್ಷ, ಲಾಕ್-ಇನ್ 2 ವರ್ಷ. ಅಂದರೆ 2025ರ ಮೇ 31ರವರೆಗೆ ಅಂಗಡಿ ನಡೆಸಿದರೂ ಮುಚ್ಚಿದರೂ ಬಾಡಿಗೆ ಕೊಡುತ್ತೇನೆ ಅಂತ ಅವರು ಒಪ್ಪಿದ ಹಾಗೆ.

ಈಗ ಧನಿಗಳ ಲೆಕ್ಕ ನೋಡಿ. ಮಾವ 14 ತಿಂಗಳು ಮುಗಿಸಿದ್ದರು. 24ರಲ್ಲಿ 14 ಕಳೆದರೆ 10 ತಿಂಗಳು ಬಾಕಿ. ಎರಡನೇ ವರ್ಷದ ಬಾಡಿಗೆ ಶೇ. 10 ಏರಿ 11,000 ಆಗಿತ್ತು. 10 ತಿಂಗಳಿಗೆ 1,10,000. ಅಡ್ವಾನ್ಸ್ 1 ಲಕ್ಷ ಹಿಡಿದುಕೊಂಡರೂ 10,000 ಬಾಕಿ. ಕಾಗದದ ಪ್ರಕಾರ ಅವರ ಕೂಡಿಸುವಿಕೆ ಸರಿಯಾಗಿಯೇ ಇತ್ತು.

ಆದರೆ ಕಾನೂನು ಆ ಲೆಕ್ಕವನ್ನು ಹಾಗೇ ಒಪ್ಪಿಕೊಳ್ಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೇಳುವುದು ಇಷ್ಟು: ಮಾತು ಮುರಿದರೆ ಇಷ್ಟು ಹಣ ಕೊಡಬೇಕು ಅಂತ ಕರಾರಿನಲ್ಲಿ ಬರೆದಿದ್ದರೂ, ಇನ್ನೊಬ್ಬರಿಗೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿ. ಅದಕ್ಕಿಂತ ಹೆಚ್ಚು ಸಿಗುವುದಿಲ್ಲ, ಕಡಿಮೆ ಆಗಬಹುದು. ಲಾಕ್-ಇನ್ ಬಾಕಿ ಬಾಡಿಗೆಯ ಬಗ್ಗೆಯೇ ದೆಹಲಿ ಹೈಕೋರ್ಟ್ 2012ರಲ್ಲಿ, ಟವರ್ ವಿಷನ್ ಕಂಪನಿಯ ಪ್ರಕರಣದಲ್ಲಿ, ಉಳಿದ ತಿಂಗಳುಗಳ ಪೂರ್ತಿ ಬಾಡಿಗೆ ತನ್ನಿಂದ ತಾನೇ ಸಾಲ ಆಗುವುದಿಲ್ಲ, ನಷ್ಟದ ಲೆಕ್ಕ ಕೋರ್ಟಿನಲ್ಲಿ ತೀರ್ಮಾನ ಆಗಬೇಕು ಅಂತ ಹೇಳಿತ್ತು.

ಮಾವನ ಅಂಗಡಿಗೆ ಇದನ್ನು ಹಾಕಿ ನೋಡಿ. ಆ ಕೋಣೆ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಖಾಲಿ ಇತ್ತು. ಅಕ್ಟೋಬರ್ 1ರಿಂದ ಬೇರೆಯವರು 10,500ಕ್ಕೆ ಬಂದರು. ಖಾಲಿ ಇದ್ದ ಎರಡು ತಿಂಗಳಿಗೆ ಧನಿಗಳ ನಷ್ಟ 22,000. ಮುಂದಿನ 8 ತಿಂಗಳು ತಿಂಗಳಿಗೆ 500ರಂತೆ 4,000. ಒಟ್ಟು 26,000. ಕೇಳಿದ್ದು 1,10,000, ನಿಜವಾಗಿ ಹೋದದ್ದು 26,000. ಇವೆರಡರ ಮಧ್ಯದ ಅಂತರವೇ ಬಾಡಿಗೆದಾರ ಮಾತಾಡಬೇಕಾದ ಜಾಗ.

ಹಾಗಂತ ಲಾಕ್-ಇನ್‌ಗೆ ಬೆಲೆ ಇಲ್ಲ ಅಂತ ತಿಳಿಯಬೇಡಿ. ಕೋಣೆಗೆ ಬೇರೆ ಯಾರೂ ಬಾರದೆ 10 ತಿಂಗಳು ಬೀಗ ಬಿದ್ದಿದ್ದರೆ ಧನಿಗಳ ನಷ್ಟವೂ ದೊಡ್ಡದೇ ಆಗುತ್ತಿತ್ತು. ಬಾಡಿಗೆದಾರರು ಕೇಳಿದ ಹಾಗೆ ಗೋಡೆ ಒಡೆದು, ಟೈಲ್ಸ್ ಹಾಕಿಸಿ ಕೊಟ್ಟಿದ್ದರೆ ಆ ಖರ್ಚಿನ ಮಾತೂ ಬರುತ್ತದೆ. ಇನ್ನೊಂದು ಕಷ್ಟ ಅಂದರೆ, ಅಡ್ವಾನ್ಸ್ ಇರುವುದು ಧನಿಗಳ ಕೈಯಲ್ಲಿ. ಅವರು ಕೊಡದಿದ್ದರೆ ದಾವೆ ಹಾಕಬೇಕಾದವರು ನಾವು. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಖರ್ಚು ನೋಡಿದರೆ ಸಣ್ಣ ಅಂಗಡಿಯವರು ಅಡ್ವಾನ್ಸ್ ಬಿಟ್ಟು ಹೋಗುವುದೇ ಹೆಚ್ಚು. ಆದ್ದರಿಂದ ಲಾಕ್-ಇನ್ ಎಷ್ಟು ತಿಂಗಳು ಅನ್ನುವುದು ಸಹಿ ಹಾಕುವ ಮೊದಲೇ ತೀರ್ಮಾನ ಆಗಬೇಕು.

"ವ್ಯಾಪಾರ ಇಲ್ಲ" ಅನ್ನುವುದೂ ಲಾಕ್-ಇನ್ ಮುರಿಯಲು ಕಾರಣ ಆಗುವುದಿಲ್ಲ. ಕೊರೊನಾ ಲಾಕ್‌ಡೌನ್ ಸಮಯದಲ್ಲಿ ದೆಹಲಿಯ ಖಾನ್ ಮಾರ್ಕೆಟಿನ ಒಬ್ಬ ಅಂಗಡಿ ಬಾಡಿಗೆದಾರರು ಬಾಡಿಗೆ ಮಾಫಿ ಕೇಳಿದ್ದರು. 2020ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಅಂಥ ವಿನಾಯಿತಿ ಬೇಕಿದ್ದರೆ ಅದು ಕರಾರಿನಲ್ಲಿಯೇ ಇರಬೇಕು, ಕೋಣೆ ಕೈಯಲ್ಲಿ ಇಟ್ಟುಕೊಂಡು ಬಾಡಿಗೆ ಕೊಡುವುದಿಲ್ಲ ಅನ್ನುವ ಹಾಗಿಲ್ಲ ಅನ್ನುವುದು ಅದರ ಸಾರ.

ಲಾಕ್-ಇನ್ ಸಾಲಿನಲ್ಲಿ ಇನ್ನೂ ಒಂದು ನೋಡಬೇಕು. ಅದು ಯಾರಿಗೆ? ಮಾವನ ಕಾಗದದಲ್ಲಿ "ಬಾಡಿಗೆದಾರರು ಬಿಟ್ಟು ಹೋಗತಕ್ಕದ್ದಲ್ಲ" ಅಂತ ಮಾತ್ರ ಇತ್ತು. ಧನಿಗಳು ಬಿಡಿಸುವ ಹಾಗಿಲ್ಲ ಅಂತ ಎಲ್ಲಿಯೂ ಇರಲಿಲ್ಲ. ನೋಟಿಸಿನ ಸಾಲಿನಲ್ಲಿ ಮಾತ್ರ "ಮಾಲೀಕರು 3 ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಖಾಲಿ ಮಾಡಿಸಬಹುದು" ಅಂತ ಇತ್ತು. ಬೀಗ ಒಂದೇ ಕಡೆಗೆ. ಎರಡು ಲಕ್ಷ ಹಾಕಿ ರ್‍ಯಾಕ್, ಗ್ಲಾಸ್, ಬೋರ್ಡ್ ಮಾಡಿಸಿದವರನ್ನು ಆರು ತಿಂಗಳಿಗೆ ಎಬ್ಬಿಸಿದರೆ ಕೇಳುವವರಿಲ್ಲ. "ಲಾಕ್-ಇನ್ ಇಬ್ಬರಿಗೂ ಅನ್ವಯ" ಅನ್ನುವ ಒಂದು ವಾಕ್ಯ ಹಾಕಿಸಿಕೊಳ್ಳಿ. ಅದು ಆದಾಗ ಲಾಕ್-ಇನ್ ಬಾಡಿಗೆದಾರನಿಗೂ ರಕ್ಷಣೆ.

ನೋಟಿಸ್ ಯಾವಾಗಿನಿಂದ ಲೆಕ್ಕ?

ನೋಟಿಸ್ ಪೀರಿಯಡ್ ಅಂದರೆ ಬಿಡುವ ಮೊದಲು ಕೊಡಬೇಕಾದ ಮುನ್ಸೂಚನೆ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಅದು ಲಾಕ್-ಇನ್ ಒಳಗೆ ಸೇರುತ್ತದೋ, ಮುಗಿದ ಮೇಲೆ ಶುರುವಾಗುತ್ತದೋ ಅನ್ನುವುದು.

ಮಾವ 24 ತಿಂಗಳು ಪೂರ್ತಿ ಮುಗಿಸಿಯೇ ಬಿಟ್ಟರು ಅಂತ ಇಟ್ಟುಕೊಳ್ಳಿ. "ಲಾಕ್-ಇನ್ ಅವಧಿಯ ಒಳಗೆಯೂ ನೋಟಿಸ್ ಕೊಡಬಹುದು" ಅಂತ ಬರೆದಿದ್ದರೆ ಅವರು 2025ರ ಫೆಬ್ರವರಿ ಕೊನೆಗೆ ನೋಟಿಸ್ ಕೊಟ್ಟು ಮೇ 31ಕ್ಕೆ ಸರಿಯಾಗಿ ಕೀ ಕೊಡಬಹುದಿತ್ತು. ಆದರೆ ಇದ್ದದ್ದು "ಲಾಕ್-ಇನ್ ಮುಗಿದ ಮೇಲೆ 3 ತಿಂಗಳ ನೋಟಿಸ್ ಕೊಟ್ಟು" ಅಂತ. ಆಗ ನೋಟಿಸ್ ಜೂನ್ 1ಕ್ಕೆ ಶುರು, ಮುಗಿಯುವುದು ಆಗಸ್ಟ್ 31ಕ್ಕೆ. ಅಷ್ಟರಲ್ಲಿ ಮೂರನೇ ವರ್ಷ ಬಂತು, ಬಾಡಿಗೆ ಇನ್ನೂ ಶೇ. 10 ಏರಿ 12,100 ಆಯಿತು. ಮೂರು ತಿಂಗಳಿಗೆ 36,300. ಎರಡು ವರ್ಷದ ಲಾಕ್-ಇನ್ ಅಂದುಕೊಂಡದ್ದು ನಿಜವಾಗಿ ಎರಡೂ ಕಾಲು ವರ್ಷ. "ಮುಗಿದ ಮೇಲೆ" ಅನ್ನುವ ಎರಡು ಪದದ ಬೆಲೆ 36,300 ರೂಪಾಯಿ.

ನಮ್ಮ ಊರಿನಲ್ಲಿ ತಿಂಗಳ ಆಯ್ಕೆಯೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಲೆ, ಹಗ್ಗ, ಐಸ್, ಕ್ಯಾಂಟೀನ್ ಅಂತ ಮೀನುಗಾರಿಕೆಯನ್ನೇ ನಂಬಿದವರಿಗೆ ಅದು ಕೈ ಖಾಲಿ ಇರುವ ಸಮಯ. ನೋಟಿಸಿನ ತಿಂಗಳುಗಳು ಅದರೊಳಗೆ ಬಿದ್ದರೆ ವ್ಯಾಪಾರ ಇಲ್ಲದೆ ಬಾಡಿಗೆ ಕಟ್ಟಬೇಕು. ಮೇ ತಿಂಗಳ ಒಳಗೆ ಲಾಕ್-ಇನ್ ಮತ್ತು ನೋಟಿಸ್ ಎರಡೂ ಮುಗಿಯುವ ಹಾಗೆ ಶುರುವಿನ ತಾರೀಕು ಹಾಕಿಸಿಕೊಂಡರೆ ಬಿಡುವ ಪ್ರಸಂಗ ಬಂದಾಗ ಅಷ್ಟು ಉಳಿಯುತ್ತದೆ.

ನೋಟಿಸ್ ಕೊಡುವ ಕ್ರಮವೂ ಉಂಟು. ಅಂಗಡಿಗೆ ಬಂದ ಧನಿಗಳಿಗೆ ಬಾಯಲ್ಲಿ ಹೇಳಿದ್ದು, ಮದುವೆ ಮನೆಯಲ್ಲಿ ಸಿಕ್ಕಿದಾಗ ಹೇಳಿದ್ದು ನೋಟಿಸ್ ಆಗುವುದಿಲ್ಲ. ಬರೆದು, ಸಹಿ ಹಾಕಿ, ತಾರೀಕು ಹಾಕಿ, ಯಾವ ದಿನ ಕೀ ಕೊಡುತ್ತೇನೆ ಅಂತ ಸ್ಪಷ್ಟವಾಗಿ ತಿಳಿಸಬೇಕು. ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯಲ್ಲಿ "ತಲುಪಿದೆ" ಅಂತ ಸಹಿ ತೆಗೆದುಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಅಂಚೆಯಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಮೆಸೇಜನ್ನು ಅದರ ಜೊತೆಗೆ ಹಾಕಿ, ಅದೊಂದನ್ನೇ ನಂಬಬೇಡಿ. ಕೊನೆಯ ದಿನ ಕೀ ಕೊಟ್ಟದ್ದಕ್ಕೂ ಬರಹದಲ್ಲಿ ಸಾಕ್ಷಿ ಬೇಕು. ಇಲ್ಲದಿದ್ದರೆ "ನೀವು ಇನ್ನೂ ಬಿಟ್ಟಿಲ್ಲ" ಅಂತ ಬಾಡಿಗೆ ಓಡುತ್ತಲೇ ಇರುತ್ತದೆ.

ಶೇ. 10 ಅಂದರೆ ಯಾವುದರ ಮೇಲೆ?

ಬಾಡಿಗೆ ಏರಿಕೆಯ ಸಾಲಿಗೆ ಕಾಗದದಲ್ಲಿ ಎಸ್ಕಲೇಶನ್ ಅಂತ ಬರೆಯುತ್ತಾರೆ. ಇಲ್ಲಿ ಎರಡು ಪ್ರಶ್ನೆ ಕೇಳಬೇಕು. ಎಷ್ಟು ಸಮಯಕ್ಕೊಮ್ಮೆ? ಮತ್ತು ಯಾವ ಬಾಡಿಗೆಯ ಮೇಲೆ?

10,000 ಬಾಡಿಗೆ, ವರ್ಷಕ್ಕೆ ಶೇ. 10. "ಮೂಲ ಬಾಡಿಗೆಯ ಮೇಲೆ" ಅಂತ ಇದ್ದರೆ ಪ್ರತಿ ವರ್ಷ 1,000 ಮಾತ್ರ ಏರುತ್ತದೆ. ಐದನೇ ವರ್ಷಕ್ಕೆ 14,000. "ಆಗ ಚಾಲ್ತಿಯಲ್ಲಿರುವ ಬಾಡಿಗೆಯ ಮೇಲೆ" ಅಂತ ಇದ್ದರೆ ಬಡ್ಡಿಯ ಮೇಲೆ ಬಡ್ಡಿ ಬಿದ್ದ ಹಾಗೆ. ಐದನೇ ವರ್ಷಕ್ಕೆ 14,641. ವ್ಯತ್ಯಾಸ ಸಣ್ಣದು ಅನಿಸಬಹುದು. ಹತ್ತನೇ ವರ್ಷಕ್ಕೆ ನೋಡಿ: ಒಂದರಲ್ಲಿ 19,000, ಇನ್ನೊಂದರಲ್ಲಿ ಸುಮಾರು 23,580. ಇದೇ ಅಂಗಡಿಯಲ್ಲಿ ಮಕ್ಕಳ ಕಾಲದವರೆಗೆ ಕೂರುವ ಲೆಕ್ಕ ಇದ್ದವರು ಈ ಪದವನ್ನು ಬಿಡಬಾರದು.

ಅದಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಎಷ್ಟು ಸಮಯಕ್ಕೊಮ್ಮೆ ಅನ್ನುವುದು. ವರ್ಷಕ್ಕೊಮ್ಮೆ ಶೇ. 10, ಚಾಲ್ತಿ ಬಾಡಿಗೆಯ ಮೇಲೆ ಅಂದರೆ ಐದು ವರ್ಷಕ್ಕೆ ಒಟ್ಟು ಬಾಡಿಗೆ 7,32,612. ಮೂರು ವರ್ಷಕ್ಕೊಮ್ಮೆ ಶೇ. 15 ಅಂದರೆ ಮೊದಲ ಮೂರು ವರ್ಷ 10,000, ಮತ್ತೆ 11,500. ಐದು ವರ್ಷಕ್ಕೆ ಒಟ್ಟು 6,36,000. ಕಿವಿಗೆ 15 ದೊಡ್ಡದಾಗಿ ಕೇಳಿಸುತ್ತದೆ, ಆದರೆ ಕೈಯಲ್ಲಿ 96,612 ರೂಪಾಯಿ ಉಳಿಯುತ್ತದೆ. 11 ತಿಂಗಳ ಕಾಗದದಲ್ಲಿ "ಪ್ರತಿ ನವೀಕರಣಕ್ಕೆ ಶೇ. 10" ಅಂತ ಇದ್ದರೆ ಏರಿಕೆ ವರ್ಷಕ್ಕಿಂತ ಒಂದು ತಿಂಗಳು ಮೊದಲೇ ಬರುತ್ತದೆ ಅನ್ನುವುದೂ ನೆನಪಿರಲಿ.

ಈ ಗೊಂದಲಕ್ಕೆ ಸುಲಭದ ದಾರಿ ಒಂದೇ. ಶೇಕಡಾ ಬರೆಯುವುದೇ ಬೇಡ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬಾಡಿಗೆ ಎಷ್ಟು ರೂಪಾಯಿ ಅಂತ ಸಾಲಾಗಿ ಬರೆಸಿ. "ಮಾರ್ಕೆಟ್ ದರದಂತೆ ಏರಿಕೆ" ಅಂತ ಇದ್ದರೆ ಮಾತ್ರ ಸಹಿ ಹಾಕಲೇಬೇಡಿ. ಮಾರ್ಕೆಟ್ ದರ ಯಾರು ಹೇಳುವುದು ಅನ್ನುವುದರಲ್ಲೇ ಜಗಳ ಶುರು ಆಗ್ತದೆ.

ರಿಜಿಸ್ಟರ್ ಆಗದ ಕಾಗದದ ಗತಿ

ಮಾವನ ಕಾಗದವನ್ನು ಉಡುಪಿಯ ವಕೀಲರೊಬ್ಬರಿಗೆ ತೋರಿಸಿದೆವು. ಅವರು ಮೂರು ಸಾಲನ್ನು ಆಮೇಲೆ ನೋಡಿದರು. ಮೊದಲು ಕೇಳಿದ್ದು, "ಇದು ರಿಜಿಸ್ಟರ್ ಆಗಿದೆಯಾ?" ಆಗಿರಲಿಲ್ಲ. ಸ್ಟ್ಯಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ ನೋಟರಿ ಹಾಕಿಸಿದ್ದು ಅಷ್ಟೇ.

ವಿಷಯ ಇಷ್ಟು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಟರಿ ಸೀಲು ನೋಂದಣಿ ಅಲ್ಲ. ಎಲ್ಲ ಕಡೆ 11 ತಿಂಗಳ ಕಾಗದ ಮಾಡುವುದು ಇದೇ ಕಾರಣಕ್ಕೆ, ಅದಕ್ಕೆ ಈ ನಿಯಮದ ನೋಂದಣಿ ಕಡ್ಡಾಯ ಇಲ್ಲ. ಮೂರು ವರ್ಷ ಅಂತ ಬರೆದು ನೋಂದಣಿ ಮಾಡದಿದ್ದರೆ ಆ ಮೂರು ವರ್ಷ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆ ಕೊಟ್ಟು ಕೂತಿದ್ದೀರಿ ಅಂತ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆದಾರಿಕೆ ಅಂತ ಪರಿಗಣಿಸುತ್ತಾರೆ. ಅಂಥದ್ದನ್ನು ಯಾವ ಕಡೆಯವರೂ 15 ದಿನದ ಲಿಖಿತ ನೋಟಿಸ್ ಕೊಟ್ಟು ಮುಗಿಸಬಹುದು ಅನ್ನುತ್ತದೆ ಅದೇ ಕಾಯ್ದೆಯ 106ನೇ ಸೆಕ್ಷನ್.

ಸುಪ್ರೀಂ ಕೋರ್ಟ್ 2016ರಲ್ಲಿ ಪಾರ್ಕ್ ಸ್ಟ್ರೀಟ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಅಲ್ಲಿ ಬಾಡಿಗೆದಾರರು, ಕರಾರಿನಲ್ಲಿ ಬರೆದ ಷರತ್ತಿನ ಪ್ರಕಾರ ಧನಿಗಳು ನೋಟಿಸ್ ಕೊಟ್ಟಿಲ್ಲ ಅಂತ ವಾದಿಸಿದ್ದರು. ನೋಂದಣಿ ಆಗದ ಕರಾರಿನ ಷರತ್ತನ್ನು ಹಿಡಿದುಕೊಂಡು ಆ ವಾದ ಮಾಡಲಾಗದು, ಇಲ್ಲಿ 106ನೇ ಸೆಕ್ಷನ್ನೇ ಅನ್ವಯ ಅಂತ ತೀರ್ಪು ಬಂತು.

ಇದು ಎರಡೂ ಕಡೆ ಕುಯ್ಯುವ ಕತ್ತಿ. ಮಾವನ ಮಟ್ಟಿಗೆ, 24 ತಿಂಗಳ ಲಾಕ್-ಇನ್ ತೋರಿಸಿ 1,10,000 ಕೇಳಿದರೆ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ ಅಂತ ಆಯಿತು. ಆದರೆ ಯೋಚನೆ ಮಾಡಿ, ಅದೇ ಕಾಗದ ನಂಬಿ ಲಕ್ಷಗಟ್ಟಲೆ ಹಾಕಿ ಅಂಗಡಿ ಕಟ್ಟಿದವರು ಎಷ್ಟು ಮಂದಿ ಇದ್ದಾರೆ? "ನನಗೆ ಮೂರು ವರ್ಷದ ಅಗ್ರಿಮೆಂಟ್ ಉಂಟು" ಅಂತ ಧೈರ್ಯದಲ್ಲಿರುವವರನ್ನು ಧನಿಗಳು ಬಿಡಿಸಬೇಕು ಅಂತ ಹೊರಟರೆ 15 ದಿನದ ನೋಟಿಸ್ ಸಾಕು. ಬಿಡದಿದ್ದರೆ ಕೋರ್ಟಿನ ಮೂಲಕವೇ ಬಿಡಿಸಬೇಕು, ಬೀಗ ಒಡೆಯುವ ಹಾಗಿಲ್ಲ ಅನ್ನುವುದು ಸರಿ. ಆದರೆ ಕಾಗದದಲ್ಲಿರುವ ಮೂರು ವರ್ಷ ಆಗ ಕೈ ಹಿಡಿಯುವುದಿಲ್ಲ.

ಹಾಗಾಗಿ ಲೆಕ್ಕ ಸರಳ. ಹೆಚ್ಚು ಖರ್ಚಿಲ್ಲದ ಅಂಗಡಿ, ನಡೆದರೆ ನಡೆಯಲಿ ಅನ್ನುವ ವ್ಯಾಪಾರ ಆದರೆ 11 ತಿಂಗಳ ಕಾಗದ ಸಾಕು. ಆದರೆ ಅದರಲ್ಲಿ 24 ತಿಂಗಳ ಲಾಕ್-ಇನ್ ಬರೆದಿದ್ದರೆ ಅದಕ್ಕೆ ಅರ್ಥ ಇಲ್ಲ, ತೆಗೆಸಿ. ಹೋಟೆಲ್, ಬೇಕರಿ, ಮೆಡಿಕಲ್ ಹೀಗೆ ಒಳಗೆ ದುಡ್ಡು ಸುರಿಯಬೇಕಾದ ವ್ಯಾಪಾರ ಆದರೆ ಖರ್ಚು ಬಿದ್ದರೂ ಮೂರು ಅಥವಾ ಐದು ವರ್ಷಕ್ಕೆ ನೋಂದಣಿ ಮಾಡಿಸಿ.

ಕೊನೆಗೆ ಎಂತಾಯಿತು?

ಮಾವ ಕೋರ್ಟಿಗೆ ಹೋಗಲಿಲ್ಲ. ಕೋಣೆಗೆ ಬೇರೆಯವರು ಬಂದ ಮೇಲೆ, ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಮನೆಯಲ್ಲಿ ಕೂತು ಮಾತಾಡಿದರು. ಮಾವ 26,000ದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಇಟ್ಟರು. ಧನಿಗಳು ಕಾಗದದಲ್ಲಿದ್ದ 3 ತಿಂಗಳ ನೋಟಿಸ್ ಹಣವಾದರೂ ಬೇಕು ಅಂದರು. 33,000 ಕಳೆದು 67,000 ವಾಪಸ್ ಬಂತು. ಇಬ್ಬರೂ ಬರೆದು ಸಹಿ ಹಾಕಿಕೊಂಡರು.

ಈಗ ಮಾವ ಪಡುಬಿದ್ರಿ ಕಡೆ ಸಣ್ಣ ಕೋಣೆ ಹಿಡಿದಿದ್ದಾರೆ. ಈ ಸಲ ಮೂರು ವರ್ಷಕ್ಕೆ ನೋಂದಣಿ ಮಾಡಿಸಿದರು. ಅದರಲ್ಲಿರುವ ಸಾಲುಗಳ ಸಾರ ಹೀಗಿದೆ, ಬೇಕಾದವರು ತಮ್ಮ ವಕೀಲರಿಗೋ ಬಾಂಡ್ ರೈಟರಿಗೋ ತೋರಿಸಬಹುದು:

"ಬಾಡಿಗೆದಾರರಿಗೆ ಮೊದಲ 12 ತಿಂಗಳು ಲಾಕ್-ಇನ್. ಬಾಡಿಗೆ ಸರಿಯಾಗಿ ಸಂದಾಯವಾಗುತ್ತಿರುವ ತನಕ ಮಾಲೀಕರು 36 ತಿಂಗಳೊಳಗೆ ಖಾಲಿ ಮಾಡಿಸತಕ್ಕದ್ದಲ್ಲ."

"ಲಾಕ್-ಇನ್ ಒಳಗೆ ಬಿಟ್ಟರೆ ಬಾಡಿಗೆದಾರರು ಕೊಡಬೇಕಾದದ್ದು ಹೆಚ್ಚೆಂದರೆ 3 ತಿಂಗಳ ಬಾಡಿಗೆ."

"ಬಾಡಿಗೆದಾರರ ನೋಟಿಸ್ 2 ತಿಂಗಳು. ಲಾಕ್-ಇನ್ ಮುಗಿಯುವ ದಿನಕ್ಕೆ ಕೊನೆಯಾಗುವಂತೆ ಅದನ್ನು ಮೊದಲೇ ಕೊಡಬಹುದು."

"ಬಾಡಿಗೆ ಮೊದಲ ವರ್ಷ 9,000, ಎರಡನೇ ವರ್ಷ 9,500, ಮೂರನೇ ವರ್ಷ 10,000. ಕೀ ಹಿಂತಿರುಗಿಸಿದ 15 ದಿನದೊಳಗೆ ಅಡ್ವಾನ್ಸ್ ವಾಪಸ್."

ಧನಿಗಳು ಸುಲಭಕ್ಕೆ ಒಪ್ಪಿದರಾ ಅಂತ ಕೇಳಿದೆ. "36 ತಿಂಗಳಿಗೆ ಸ್ವಲ್ಪ ಎಳೆದರು. ನೋಂದಣಿ ಖರ್ಚು ಪೂರ್ತಿ ನನ್ನದೇ ಅಂದೆ, ಆಮೇಲೆ ಆಯ್ತು ಅಂದರು" ಅಂದರು ಮಾವ. ಈ ಸಲ ಕಾಗದದ ಪ್ರತಿ ಪುಟವನ್ನೂ ಓದಿಯೇ ಸಹಿ ಹಾಕಿದ್ದಾರೆ. ಒಂದು ಜೆರಾಕ್ಸ್ ಅಂಗಡಿಯ ಗಲ್ಲಾದೊಳಗೆ ಇದೆ.